ಹೆಬ್ಬಾವಿಗೆ ನಾಲ್ಕು ಕಾಲಂ

ಆ ಹೆಬ್ಬಾವನ್ನು ನೀವೂ ನೋಡಿದ್ದೀರಿ. ನೋಡದೆ ಎಲ್ಲಿಗೆ ಹೋಗುತ್ತೀರಿ? ಕಾಸರಗೋಡಿನ ನಮ್ಮ ಮೂಲೆಯಲ್ಲಿ ಅಜ್ಜಿಯೊಬ್ಬರ ಗೂಡಿಗೆ ನುಗ್ಗಿ, ಒಂದು ಕೋಳಿ ನುಂಗಿ, ಹೊಟ್ಟೆ ದಪ್ಪವಾಗಿ ಹೊರಗೆ ಬರಲಾಗದೆ ಸಿಕ್ಕಿಬಿದ್ದ ಹಾವು. ಟಿವಿಯವರು ಅದಕ್ಕೆ ಹಿನ್ನೆಲೆ ಸಂಗೀತವನ್ನೂ ಹಾಕಿದ್ದರು. ಪತ್ರಿಕೆಯಲ್ಲಿ ನಾಲ್ಕು ಕಾಲಂ, ಕಲರ್ ಫೋಟೋ. ಅದೂ ಬೆಂಗಳೂರು ಎಡಿಷನ್ನಿನಲ್ಲಿ! ನಮ್ಮ ಊರಿನ ಸುದ್ದಿ ಸಾಮಾನ್ಯವಾಗಿ ಮಂಗಳೂರು ಎಡಿಷನ್ನಿನ ಒಳಪುಟದಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ತಲಪಾಡಿ ದಾಟಿ, ಶಿರಾಡಿ ಘಾಟಿ ಹತ್ತಿ ರಾಜಧಾನಿಯ ಪುಟಕ್ಕೆ ಹೋದ ನಮ್ಮೂರಿನ ಮೊದಲ ನಿವಾಸಿ ಈ ಹೆಬ್ಬಾವು. ಅಭಿನಂದನೆಗಳು.

ಬರೆದವನು ನಾನೇ. ಹೊಟ್ಟೆಕಿಚ್ಚಿಲ್ಲ. ನಾನು ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಸಿಗುವ ಜಾತಿಯ ಪತ್ರಕರ್ತ. ಹಾವು ಉದ್ದವಾದಷ್ಟೂ ನನಗೆ ಲಾಭ.

ಅದೇ ದಿನ ಇನ್ನೊಂದು ಸುದ್ದಿ ಕಳಿಸಿದ್ದೆ. ಗೇರು ತೋಟದ ಕೆಳಗಿನ ಮನೆಯವರ ಪಿಂಚಣಿ ತಿಂಗಳುಗಟ್ಟಲೆ ಬಂದಿಲ್ಲ ಅಂತ. ಡೆಸ್ಕಿನ ಹುಡುಗ ಫೋನ್ ಮಾಡಿದ. ‘ಸರ್, ಚೆನ್ನಾಗಿದೆ. ಆದ್ರೆ ಇದಕ್ಕೆ ಪೆಗ್ ಏನು?’

ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿಗೆ ಆ ಒಂದು ಶಬ್ದ ಮಾತ್ರ ಕೇಳಿಸಿತು. ಆ ಸಂಜೆಯ ಕಥೆ ಬೇಡ. ಪೆಗ್ ಅಂದರೆ ಪತ್ರಿಕೆಯವರ ಭಾಷೆಯಲ್ಲಿ ಗೂಟ. ಈ ಸುದ್ದಿಯನ್ನು ಇವತ್ತೇ ಯಾಕೆ ಹಾಕಬೇಕು ಅನ್ನುವುದಕ್ಕೆ ಒಂದು ಗೂಟ ಬೇಕು. ನಿನ್ನೆ ಏನೋ ಆಗಿರಬೇಕು. ಪಿಂಚಣಿ ನಿನ್ನೆ ಬರಲಿಲ್ಲ, ನಿಜ. ಮೊನ್ನೆಯೂ ಬಂದಿರಲಿಲ್ಲ. ನಾಳೆಯೂ ಬರುವುದಿಲ್ಲ. ಹಾಗಾದರೆ ಅದು ಯಾವ ತಾರೀಕಿನ ಸುದ್ದಿ? ಹುಡುಗನ ಪ್ರಶ್ನೆಯಲ್ಲಿ ತಪ್ಪಿಲ್ಲ. ಗೂಟ ಇಲ್ಲದ ದನವನ್ನು ಕಟ್ಟುವುದಾದರೂ ಎಲ್ಲಿ?

ಇದನ್ನು ನಾರ್ವೆಯ ಇಬ್ಬರು ಸಂಶೋಧಕರು 1965ರಲ್ಲೇ ಬರೆದಿಟ್ಟಿದ್ದಾರೆ. ಯೋಹಾನ್ ಗಾಲ್ಟುಂಗ್ ಮತ್ತು ಮರಿ ಹೋಲ್ಮ್‌ಬೊ ರೂಗೆ. ಕಾಂಗೋ, ಕ್ಯೂಬಾ, ಸೈಪ್ರಸ್ ಗಲಾಟೆಗಳು ತಮ್ಮ ದೇಶದ ಪತ್ರಿಕೆಗಳಲ್ಲಿ ಹೇಗೆ ಬಂದವು ಅಂತ ನೋಡಿ, ಒಂದು ಘಟನೆ ಸುದ್ದಿಯಾಗಲು ಬೇಕಾದ ಹನ್ನೆರಡು ಗುಣ ಹೆಸರಿಸಿದರು. ನಮ್ಮ ಹಾವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದವು. ಪಟ್ಟಿಯ ಮೊದಲ ಗುಣವೇ ವೇಗದ್ದು. ದಿನಪತ್ರಿಕೆ ದಿನಕ್ಕೊಮ್ಮೆ ಉಸಿರಾಡುತ್ತದೆ. ಆ ಒಂದು ಉಸಿರಿನೊಳಗೆ ಶುರುವಾಗಿ ಮುಗಿಯುವುದು ಅದಕ್ಕೆ ಕಾಣಿಸುತ್ತದೆ. ಹಾವು ಸಂಜೆ ಆರಕ್ಕೆ ನುಂಗಿತು, ಏಳಕ್ಕೆ ಸಿಕ್ಕಿತು, ಎಂಟಕ್ಕೆ ನಾನು ಕಳಿಸಿದೆ. ಎಂಥ ಶಿಸ್ತಿನ ಹಾವು! ನಿಧಾನಕ್ಕೆ ಆಗುವುದು ಮಾತ್ರ ಕಾಣಿಸುವುದಿಲ್ಲ. ಅಣೆಕಟ್ಟು ಕಟ್ಟುವುದು ಸುದ್ದಿಯಲ್ಲ, ಅದರ ಉದ್ಘಾಟನೆ ಸುದ್ದಿ ಅಂತ ಅವರದೇ ಉದಾಹರಣೆ ಇದೆ. ಪಾಪ, ಅವರು ಉಕ್ಕಿನಡ್ಕ ನೋಡಿರಲಿಲ್ಲ. ಅಲ್ಲಿ ನಮ್ಮ ಜಿಲ್ಲೆಯ ಮೆಡಿಕಲ್ ಕಾಲೇಜಿಗೆ 2013ರ ನವೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ದೊಡ್ಡ ಸುದ್ದಿ, ದೊಡ್ಡ ಫೋಟೋ. ಆಮೇಲೆ ವರ್ಷಗಟ್ಟಲೆ ಆ ಕಟ್ಟಡ ಏನೂ ಮಾಡಲಿಲ್ಲ, ಸುಮ್ನೆ ನಿಂತಿತ್ತು. ನಿಂತ ಕಟ್ಟಡದ ಬಗ್ಗೆ ಎಂತ ಬರೆಯುವುದು ಮಾರಾಯ್ರೆ?

2020ರ ಮಾರ್ಚಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ರೋಗಿಗಳು ಸತ್ತರು. ಆಗ ದೇಶವೆಲ್ಲ ತಲಪಾಡಿಯ ಹೆಸರು ಕಲಿಯಿತು. ಮಣ್ಣು ಒಂದೇ ದಿನದಲ್ಲಿ ಬಿದ್ದದ್ದು, ಆದ್ದರಿಂದ ಅದು ಸುದ್ದಿ. ಅದಕ್ಕೂ ಮುಂಚೆ ಇಡೀ ಜಿಲ್ಲೆ ಒಂದು ದೊಡ್ಡ ಆಸ್ಪತ್ರೆ ಇಲ್ಲದೆ ಬದುಕಿದ್ದು ಎಷ್ಟೋ ವರ್ಷ. ಅದು ಸುದ್ದಿಯಲ್ಲ, ಅಭ್ಯಾಸ.

ಹಾವಿನ ಜೊತೆ ಹೋದ ಆ ಪಿಂಚಣಿ ಸುದ್ದಿಗೆ ಬರುತ್ತೇನೆ. ಅದು ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಸಂತ್ರಸ್ತರ ಪಿಂಚಣಿ. ನಾವು ಚಿಕ್ಕವರಿದ್ದಾಗ ಹೆಲಿಕಾಪ್ಟರ್ ಬಂತೆಂದರೆ ಅಂಗಳಕ್ಕೆ ಓಡುತ್ತಿದ್ದೆವು. ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ಗುಡ್ಡೆಗಳಿಗೆ ಅದು ಎಂಡೋಸಲ್ಫಾನ್ ಸುರಿಯುತ್ತಿತ್ತು. ಗೇರು ಮೇಲೆ ಗುಡ್ಡದಲ್ಲಿ, ಮನೆಗಳು ಕೆಳಗೆ ಕಣಿವೆಯಲ್ಲಿ. ನಾವು ಕುಡಿಯುವುದು ಆ ಗುಡ್ಡದ ಹೊಟ್ಟೆಗೆ ಕೊರೆದ ಸುರಂಗದ ನೀರು. 1970ರ ದಶಕದ ಕೊನೆಯಿಂದ 2000ದವರೆಗೆ ಇದು ನಡೆಯಿತು. ಇಪ್ಪತ್ತು ವರ್ಷಕ್ಕೂ ಜಾಸ್ತಿ. ಯಾರಿಗೂ ಗೊತ್ತಿರಲಿಲ್ಲ ಅನ್ನಬೇಡಿ. ಕೈಕಾಲು ತಿರುಚಿದ ಕರುಗಳು ಹುಟ್ಟುತ್ತಿವೆ ಅಂತ ಪತ್ರಕರ್ತ ಶ್ರೀಪಡ್ರೆಯವರು 1980ರ ಆಸುಪಾಸಿನಲ್ಲೇ ಬರೆದಿದ್ದರು. ಒಂದೇ ಕಡೆ ಇಷ್ಟೊಂದು ಕಾಯಿಲೆ ಯಾಕೆ ಅಂತ ವಾಣಿನಗರದ ಡಾ. ಮೋಹನ ಕುಮಾರ್ 1990ರ ದಶಕದಲ್ಲಿ ಕೇಳುತ್ತಿದ್ದರು. ಆದರೆ ಕಾಯಿಲೆಯ ಒಂದು ಮಗು ಇಂದು ಹುಟ್ಟುತ್ತದೆ. ಇನ್ನೊಂದು ಆರು ತಿಂಗಳ ಮೇಲೆ, ಪಕ್ಕದ ಗುಡ್ಡದಲ್ಲಿ. ಕೂಡಿಸಿದರೆ ದುರಂತ, ಬಿಡಿಯಾಗಿ ನೋಡಿದರೆ ಅವರವರ ಮನೆಯ ಹಣೆಬರಹ. ಒಂದು ಲಾರಿ ಮಗುಚಿ ಹತ್ತು ಜನ ಹೋಗಿದ್ದರೆ ಮಂತ್ರಿಗಳು ಬರುತ್ತಿದ್ದರು. ವಿಷಕ್ಕೆ ಲಾರಿಯ ಬುದ್ಧಿ ಇಲ್ಲ.

ಕೊನೆಗೆ ಸುದ್ದಿಯಾಯಿತು. ಫೋಟೋಗಳು ಬಂದ ಮೇಲೆ, ಕೋರ್ಟು ಬಂದ ಮೇಲೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಿ ಅಂತ ಕೇರಳಕ್ಕೆ ಹೇಳಿತು. ಮುಖಪುಟ. ಮೂರು ತಿಂಗಳು ಅಂದರೆ ಏಪ್ರಿಲ್ 10. ಅವತ್ತು ಏನಾಯಿತು? ಏನೂ ಆಗಲಿಲ್ಲ. ಏನೂ ಆಗದ್ದಕ್ಕೆ ಶೀರ್ಷಿಕೆ ಹೇಗೆ ಕೊಡುವುದು? ಪತ್ರಿಕೆಯ ಶೀರ್ಷಿಕೆಗಳನ್ನೆಲ್ಲ ಒಮ್ಮೆ ನೋಡಿ. ಬಂಧನ, ಉದ್ಘಾಟನೆ, ಡಿಕ್ಕಿ, ರಾಜೀನಾಮೆ. ಎಲ್ಲವೂ ಆದದ್ದು. ‘ಕೊಡಲಿಲ್ಲ’ ಅನ್ನುವುದು ಶೀರ್ಷಿಕೆಯಾಗಬೇಕಾದರೆ ಯಾರಾದರೂ ದೊಡ್ಡವರು ಅದನ್ನು ಬಾಯಿ ಬಿಟ್ಟು ಹೇಳಬೇಕು. ಹೇಳಿದ್ದು 2022ರ ಮೇನಲ್ಲಿ, ಮತ್ತೆ ಸುಪ್ರೀಂ ಕೋರ್ಟೇ. ಅಲ್ಲಿಯವರೆಗೆ ಸುಮಾರು 3,700 ಜನರಲ್ಲಿ ದುಡ್ಡು ಸಿಕ್ಕಿದ್ದು ಎಂಟು ಜನರಿಗೆ. ಅವರೂ ಕೋರ್ಟಿನ ಬಾಗಿಲು ತಟ್ಟಿದವರು.

ಎಂಟು. ಇದಕ್ಕೆ ಜೋಕು ಹುಡುಕಿ ನನಗೆ ಸಾಕಾಗಿದೆ. ಏಳಲಾಗದ ಮಕ್ಕಳನ್ನು ರೈಲಿನಲ್ಲಿ ಮಲಗಿಸಿಕೊಂಡು ತಾಯಂದಿರು ತಿರುವನಂತಪುರಕ್ಕೆ ಹೋಗಿ, ಸೆಕ್ರೆಟರಿಯೇಟ್ ಎದುರು ಉಪವಾಸ ಕೂತರಲ್ಲ 2019ರಲ್ಲಿ, ಯಾಕೆ ಅಂದುಕೊಂಡಿರಿ? ನಮಗೆ ಒಂದು ತಾರೀಕು ಒದಗಿಸಲು. ಒಂದು ಫೋಟೋ ಒದಗಿಸಲು. ನಮ್ಮ ಗೂಟವನ್ನು ಅವರೇ ಹೊತ್ತುಕೊಂಡು ರಾಜ್ಯದ ಆ ತುದಿಗೆ ಹೋಗಬೇಕಾಯಿತು. ಯಾಕೆಂದರೆ ನಾವು ಅವರ ಮನೆಗೆ ಹೋದರೆ ಅದು ಸುದ್ದಿಯಾಗುವುದಿಲ್ಲ. ನಾನೂ ಹೋಗಿಲ್ಲ ತುಂಬ ದಿನವಾಯಿತು. ಸೆಂಟಿಮೀಟರ್ ಸಿಗುವುದಿಲ್ಲ.

ಹೆಬ್ಬಾವಿನ ಫಾಲೋ ಅಪ್ ಕೇಳಿದ್ದಾರೆ, ಅದಕ್ಕೆ ನಿನ್ನೆ ಆ ಕಡೆ ಹೋಗಿದ್ದೆ. ಅರಣ್ಯ ಇಲಾಖೆಯವರು ಹಾವನ್ನು ಕಾಡಿಗೆ ಬಿಟ್ಟಾಗಿದೆ. ಕೋಳಿಯ ಅಜ್ಜಿ ಸಂಚಿಯಲ್ಲಿ ಆಧಾರ್ ಕಾರ್ಡಿನ ಜೆರಾಕ್ಸ್ ಇಟ್ಟುಕೊಂಡು ಚಾ ಅಂಗಡಿ ಎದುರು ಬಸ್ಸಿಗೆ ಕಾಯುತ್ತಿದ್ದರು. ಪಿಂಚಣಿಯ ಕೆಲಸವಂತೆ. ನನ್ನನ್ನು ನೋಡಿದ್ದೇ ಬೈದರು. ‘ಹಾವಿನ ಪಟ ಅಷ್ಟು ದೊಡ್ಡದು ಹಾಕಿದ್ದೀರಿ. ಹೋದದ್ದು ನನ್ನ ಕೋಳಿ. ಅದಕ್ಕೇನಾದ್ರೂ ಪರಿಹಾರ ಉಂಟಾ?’

ಒಳಗಿನಿಂದ ಅಂಗಡಿಯವನು ಹೇಳಿದ: ‘ಕೋರ್ಟಿಗೆ ಹೋಗಿ ಅಜ್ಜಿ.’