ಕ್ಲಿನಿಕ್ ಅಂದ ಮೇಲೆ ಬಿಳಿಯೇ ಆಗಬೇಕಾ?

ಹಾಸನದಲ್ಲಿ ನನ್ನ ತಂಗಿ ಹಲ್ಲಿನ ಕ್ಲಿನಿಕ್ ಶುರು ಮಾಡುತ್ತಿದ್ದಾಳೆ. ಪೇಂಟ್ ಮುಗಿದ ಮೇಲೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದಳು. ರೋಗಿಗಳು ಕಾಯುವ ಕೋಣೆ ಹತ್ತಡಿಗೆ ಹನ್ನೆರಡಡಿ, ಮೂರು ಗೋಡೆ ಫಳಫಳ ಬಿಳಿ, ಕುರ್ಚಿಗಳ ಎದುರಿನದು ಕಡು ಕಿತ್ತಳೆ. "ಕ್ಲೀನ್ ಆಗಿ ಕಾಣ್ಬೇಕಲ್ವಾ ಅಕ್ಕಾ" ಅಂದಳು. ನನಗೆ ನಿಜಕ್ಕೂ ಬೇಜಾರಾಯಿತು.

ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಾನು ಹೋಗುವ ಹಲ್ಲಿನ ಡಾಕ್ಟರ ಹತ್ತಿರವೂ ಅಷ್ಟೇ ಸಣ್ಣ ಕೋಣೆ. ಗೋಡೆಗೆ ಬೂದಿ ಬೆರೆಸಿದಂಥ ತಿಳಿ ಹಸಿರು, ಚೂರೂ ಹೊಳಪಿಲ್ಲ, ಲೈಟು ಸ್ವಲ್ಪ ಹಳದಿ. ಕೂತರೆ ಕಣ್ಣು ತಾನಾಗಿ ಸಡಿಲವಾಗುತ್ತದೆ. ನಮ್ಮೂರಲ್ಲಿ ಹೊಳೆಯುವ ಗೋಡೆಯ ಮೇಲೆ ಟ್ಯೂಬ್‌ಲೈಟ್ ಇನ್ನೊಂದು ಸಲ ಮೂಡಿ ಕಣ್ಣಿಗೆ ಚುಚ್ಚುತ್ತದೆ, ಮೊದಲೇ ಹೆದರಿ ಬಂದವರಿಗೆ ಅದೂ ಒಂದು ಕಾಟ. 1914ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ಸರ್ಜನ್ ಹ್ಯಾರಿ ಶೆರ್ಮನ್, ಬಿಳಿ ಕಣ್ಣು ಕುಕ್ಕುತ್ತದೆ ಅಂತ ತಮ್ಮ ಆಪರೇಷನ್ ಕೋಣೆಗೆ ಹಸಿರು ಹೊಡೆಸಿದ್ದರು. ಅದು ಡಾಕ್ಟರ ಕಣ್ಣಿಗಾಗಿ, ರೋಗಿಯ ಹೆದರಿಕೆಗಲ್ಲ, ಆದರೂ ಕುಕ್ಕುವುದು ಇಬ್ಬರಿಗೂ ಒಂದೇ ತಾನೆ?

ಹಾಗಂತ ಹಸಿರೇ ಆಗಬೇಕಿಲ್ಲ. ತಿಳಿ ನೀಲಿಯೂ ಆದೀತು, ಮಣ್ಣಿನ ಬಣ್ಣವೂ ಆದೀತು. ಯಾವ ಬಣ್ಣ ಅನ್ನುವುದಕ್ಕಿಂತ ಎಷ್ಟು ಗಾಢ ಅನ್ನುವುದೇ ಮುಖ್ಯ. ಸಣ್ಣ ಕೋಣೆಯಲ್ಲಿ ಒಂದು ಗೋಡೆಯ ಬಣ್ಣ ಇನ್ನೊಂದರ ಮೇಲೆ ಬೀಳುತ್ತದೆ, ಹಾಗಾಗಿ ಶೇಡ್ ಕಾರ್ಡಿನಲ್ಲಿ ಮೆತ್ತಗಿದ್ದದ್ದು ನಾಲ್ಕೂ ಗೋಡೆಗೆ ಬಂದಾಗ ಜಾಸ್ತಿಯಾಗುತ್ತದೆ. ತಂಗಿಗೆ ಹೇಳಿದೆ, ಎರಡಡಿಯ ಹಲಗೆಗೆ ಎರಡು ಕೋಟ್ ಹೊಡೆಸು, ಒಂದೊಂದೇ ಗೋಡೆಗೆ ಒರಗಿಸಿ ಬೆಳಿಗ್ಗೆ ನೋಡು, ರಾತ್ರಿ ಲೈಟ್ ಹಾಕಿ ನೋಡು. ಪಕ್ಕದಲ್ಲಿ ನಿನ್ನ ಕೈ ಇಡು. ಚರ್ಮ ಕಳೆಗುಂದಿ ಹಸಿರಾಗಿ ಕಂಡರೆ ಆ ಶೇಡ್ ಬೇಡ, ಕಾಯುವವರಿಗೆ ಪಕ್ಕದವರೆಲ್ಲ ಇನ್ನೂ ಕಾಯಿಲೆಯವರ ಹಾಗೆ ಕಾಣುತ್ತಾರೆ. 6500 ಕೆಲ್ವಿನ್‌ನ ನೀಲಿ ಬಿಳುಪಿನ ಟ್ಯೂಬ್ ತೆಗೆದು, ಅದಕ್ಕಿಂತ ಹಳದಿ ಬೆಳಕಿನ 3000 ಅಥವಾ 4000ದ್ದು ಹಾಕಿಸು. ಎಷ್ಟು ಒಳ್ಳೆಯ ಹಸಿರನ್ನೂ ಆ 6500ರ ಬೆಳಕು ಪೇಲವ ಮಾಡಿಬಿಡುತ್ತದೆ.

ಅವಳು ಒಂದೇ ಮಾತು ಕೇಳಿದಳು. "ತಲೆಗೆ ಎಣ್ಣೆ ಹಚ್ಚಿಕೊಂಡು ಬಂದು ಗೋಡೆಗೆ ಒರಗ್ತಾರಲ್ಲ, ಅದಕ್ಕೇನು ಮಾಡ್ಲಿ?"

ಅದು ನಿಜವೇ. ಲೀಡ್ಸ್‌ನಲ್ಲಿ ಆ ತೊಂದರೆ ಇಲ್ಲ. ಹೊಳಪಿಲ್ಲದ ಪೇಂಟಿಗೆ ಎಣ್ಣೆ ಹತ್ತಿದರೆ ಉಜ್ಜಿದಷ್ಟೂ ಕಲೆ ಹರಡುತ್ತದೆ. ನಮ್ಮ ಹಳೆಯ ಆಸ್ಪತ್ರೆಗಳಲ್ಲಿ ಅರ್ಧ ಗೋಡೆಗೆ ಆಯಿಲ್ ಪೇಂಟ್ ಹೊಡೆಸುತ್ತಿದ್ದವರು ಸುಮ್ನೆ ಹೊಡೆಸಿರಲಿಲ್ಲ. ಕೂತವರ ತಲೆ ನಾಲ್ಕಡಿಯ ಆಸುಪಾಸಿಗೆ ಬರುತ್ತದೆ, ಐದಡಿವರೆಗೆ ತೊಳೆಯಲು ಬರುವ, ಹೊಳಪು ಕಡಿಮೆ ಇರುವ ಪೇಂಟ್, ಅಲ್ಲಿಂದ ಮೇಲಕ್ಕೆ ಅದೇ ಬಣ್ಣದ ಹೊಳಪಿಲ್ಲದ ಪೇಂಟ್ ಅಂತ ಕೊನೆಗೆ ಒಪ್ಪಿಕೊಂಡೆವು. ಕಿತ್ತಳೆಯ ಮೇಲೆ ಮೊದಲು ಪ್ರೈಮರ್ ಹೊಡೆಸಬೇಕು, ಇಲ್ಲದಿದ್ದರೆ ತಿಳಿ ಬಣ್ಣದ ಕೆಳಗಿಂದ ಅದು ಇಣುಕುತ್ತದೆ.

ಒಳಗೆ ಹಲ್ಲು ನೋಡುವ ಕೋಣೆಗೆ ಮಾತ್ರ ಅವಳ ಬಿಳಿ ಗೋಡೆ, ಬಿಳಿ ಲೈಟೇ ಇರಲಿ ಅಂದೆ. ಕ್ಯಾಪ್ ಹಾಕುವಾಗ ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಬೇಕಲ್ಲ, ಹಳದಿ ಬೆಳಕಿನಲ್ಲಿ ಅದು ತಪ್ಪುತ್ತದೆ.