ಕಾಕಾನ ಗುಳಿಗೆ ಅಪ್ಪನಿಗೆ ಯಾಕೆ?

ಈ ಸಿಟ್ಟು ಯಾರ ಮೇಲೆ ಅಂತ ನನಗೇ ಗೊತ್ತಾಗ್ತಿಲ್ಲ. ಕಾಕಾನ ಮೇಲೋ, ಔಷಧ ಅಂಗಡಿಯವನ ಮೇಲೋ, ನಮ್ಮ ಮನೆಯ ಗುರೆಳ್ಳ ಚಟ್ನಿಯ ಮೇಲೋ. ಹೇಳ್ತೀನಿ, ಕೇಳಿ.

ನಮ್ಮದು ವಿಜಯಪುರ. ಅಪ್ಪನಿಗೆ ಎಪ್ಪತ್ಮೂರು. ಬಿಪಿ ಗುಳಿಗೆ ಬಿಟ್ಟರೆ ಏನೂ ಇರಲಿಲ್ಲ. ಹಾರ್ಟ್ ಅಟ್ಯಾಕ್ ಇಲ್ಲ, ಲಕ್ವಾ ಇಲ್ಲ, ಶುಗರ್ ಇಲ್ಲ. ದಿನಾ ಬೆಳಿಗ್ಗೆ ಗೋಳಗುಮ್ಮಟದ ಕಡೆ ಒಂದು ಸುತ್ತು ಹಾಕಿ ಬಂದು, ಎರಡು ರೊಟ್ಟಿ ತಿಂದು, ಪೇಪರ್ ಹಿಡಿದು ಕೂರುವ ಮನುಷ್ಯ.

ನಮ್ಮ ಕಾಕಾನಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದರು. ಅವತ್ತಿನಿಂದ ಅವರೇ ಅರ್ಧ ಡಾಕ್ಟರ್. ಒಂದು ಭಾನುವಾರ ಮನೆಗೆ ಬಂದು ಜೇಬಿನಿಂದ ಆಸ್ಪಿರಿನ್ ಪಟ್ಟಿ ತೆಗೆದರು, 75 ಮಿಲಿಗ್ರಾಂನದು. "ಅಣ್ಣಾ, ನೀನೂ ದಿನಾ ಒಂದು ತಗೋ. ರಕ್ತ ತೆಳ್ಳಗ ಇರತೈತಿ, ಅಟ್ಯಾಕ್ ಹತ್ರ ಸುಳಿಯಂಗಿಲ್ಲ. ನನಗ ಡಾಕ್ಟ್ರು ಜೀವ ಇರೋತನ ಕೊಟ್ಟಾರ." ಅಪ್ಪ ತಮ್ಮನ ಮಾತು ತೆಗೆದುಹಾಕುವವರಲ್ಲ. ಆ ಪಟ್ಟಿ ಖಾಲಿಯಾದ ಮೇಲೆ ತಾವೇ ಅಂಗಡಿಗೆ ಹೋಗಿ ತಂದರು. ಅಂಗಡಿಯವನು ಚೀಟಿ ಕೇಳಲಿಲ್ಲ. ಯಾರಿಗೆ ಅಂತ ಕೇಳಲಿಲ್ಲ. ಅಪ್ಪ ಅದೇ ಅಂಗಡಿಯಿಂದ ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ಗುಳಿಗೆಯನ್ನೂ ಒಯ್ಯುತ್ತಿದ್ದರು. ಅದೂ ಆತನಿಗೆ ಗೊತ್ತು. ಎರಡನ್ನೂ ಒಂದೇ ಪೊಟ್ಟಣದಲ್ಲಿ ಸುತ್ತಿ ಕೊಟ್ಟ, ಪುಣ್ಯಾತ್ಮ!

ನಾಲ್ಕು ತಿಂಗಳು ಕಳೆಯಿತು. ಅಪ್ಪ ಮೆಟ್ಟಿಲ ನಡುವೆ ನಿಲ್ಲೋಕೆ ಶುರು ಮಾಡಿದರು. ಕೇಳಿದರೆ "ಬಿಸಿಲು" ಅಂದರು. ವಾಕಿಂಗ್ ಬಿಟ್ಟರು, ಅದಕ್ಕೂ ಬಿಸಿಲೇ ಕಾರಣ. ಆಮೇಲೆ ತಿಳಿಯಿತು, ಹತ್ತು ಹದಿನೈದು ದಿನದಿಂದ ಸಂಡಾಸ ಕಪ್ಪಗಾಗ್ತಿತ್ತಂತೆ. ಅವ್ವನಿಗೆ ಮಾತ್ರ ಹೇಳಿದ್ದರು. ಅವ್ವ, "ಗುರೆಳ್ಳ ಚಟ್ನಿ ಜಾಸ್ತಿ ತಿಂತೀರಿ, ಅದಕ್ಕ" ಅಂದರಂತೆ. ಚಟ್ನಿ ಬಂದ್ ಆಯಿತು, ಗುಳಿಗೆ ಮುಂದುವರಿಯಿತು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಕುಸಿದರು. ಆಸ್ಪತ್ರೆಯಲ್ಲಿ ಒಬ್ಬ ಎಳೆ ವಯಸ್ಸಿನ ಡಾಕ್ಟರ್ ಅಪ್ಪನ ಕೆಳಗಣ್ಣ ರೆಪ್ಪೆ ಎಳೆದು ನೋಡಿದ. ಒಳಗೆ ಕೆಂಪೇ ಇರಲಿಲ್ಲ, ಜೋಳದ ಹಿಟ್ಟಿನ ಬಣ್ಣ. "ಅಜ್ಜಾರ, ಸಂಡಾಸ ಡಾಂಬರಿನಂಗ ಆಗಾಕತ್ತೈತೇನ್ರಿ? ಅಂಟಂಟಾಗಿ, ಕೆಟ್ಟ ವಾಸನಿ?" ಅಪ್ಪ ನನ್ನ ಮುಖ ನೋಡಿ, ಆಮೇಲೆ ಗೋಡೆ ನೋಡಿ, ಹೂಂ ಅಂದರು. ಹಿಮೋಗ್ಲೋಬಿನ್ 6.8. ಎಂಡೋಸ್ಕೋಪಿ ಮಾಡಿದರೆ ಹೊಟ್ಟೆಯಲ್ಲಿ ಹುಣ್ಣು, ಅದರಿಂದ ರಕ್ತ ಒಸರುತ್ತಿತ್ತು. ಒಳಗಿಂದಲೇ ಕ್ಲಿಪ್ ಹಾಕಿದರು. ಎರಡು ಬಾಟಲಿ ರಕ್ತ ಕೊಟ್ಟರು.

ಕಬ್ಬಿಣದ ಗುಳಿಗೆ ತಿಂದರೂ ಬಣ್ಣ ಕಪ್ಪಾಗುತ್ತದಂತೆ. ಆದರೆ ಡಾಂಬರಿನ ಅಂಟು ಮತ್ತು ಆ ವಾಸನೆ ಬಂದರೆ, ಹೊಟ್ಟೆಯಲ್ಲಿ ಸೋರಿದ ರಕ್ತ ಜೀರ್ಣವಾಗಿ ಹೊರಬರುತ್ತಿದೆ ಅಂತಲೇ ತಿಳಿಯಬೇಕು, ಅದೇ ದಿನ ಆಸ್ಪತ್ರೆಗೆ ಓಡಬೇಕು. ಇಷ್ಟು ಮಾತು ಆ ಪಟ್ಟಿಯ ಜೊತೆ ಯಾರಾದರೂ ಹೇಳಿದ್ದರೆ!

ನಾನು ಆ ಡಾಕ್ಟರ್ ಹತ್ತಿರ ಜಗಳಕ್ಕೇ ಹೋದೆ. ಇಷ್ಟು ಚಿಕ್ಕ ಗುಳಿಗೆ, ಮೇಲೆ ಹೊಟ್ಟೆಗೆ ತೊಂದರೆ ಆಗದಿರಲಿ ಅಂತ ಲೇಪ ಬೇರೆ, ಹೆಂಗ್ರಿ ಹುಣ್ಣಾಯಿತು? ಆತ ಸಿಟ್ಟಾಗಲಿಲ್ಲ. ಲೇಪದಿಂದ ಗುಳಿಗೆ ಹೊಟ್ಟೆ ದಾಟಿ ಕರುಳಲ್ಲಿ ಕರಗಬಹುದು, ಆದರೆ ಅದು ಕೆಲಸ ಮಾಡೋದು ರಕ್ತಕ್ಕೆ ಸೇರಿದ ಮೇಲೆ ಅಂದ. ಹೊಟ್ಟೆಯ ಒಳಗೋಡೆಯನ್ನು ಆಮ್ಲದಿಂದ ಕಾಯುವ ಲೋಳೆಯ ತಯಾರಿ ಕಮ್ಮಿ ಮಾಡುತ್ತದೆ. ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಕೈಕಟ್ಟುತ್ತದೆ. ಒಂದು ಪ್ಲೇಟ್‌ಲೆಟ್ ಬದುಕೋದೇ ಏಳರಿಂದ ಹತ್ತು ದಿನ, ಅಷ್ಟೂ ದಿನ ಅದು ನಿಷ್ಪ್ರಯೋಜಕ. ಅಂದರೆ ಗಾಯ ಮಾಡುವುದೂ ಅದೇ, ಗಾಯ ಮುಚ್ಚದಂತೆ ತಡೆಯುವುದೂ ಅದೇ. ಅದರ ಮೇಲೆ ಡೈಕ್ಲೋಫೆನಾಕ್ ಬೇರೆ, ಅದೂ ಹೊಟ್ಟೆಯ ಲೋಳೆಗೇ ಏಟು ಹಾಕುತ್ತದೆ.

ಹಾಗಾದರೆ ಹೃದಯಕ್ಕಾದರೂ ಲಾಭ ಆಗಿತ್ತಾ? ಅಲ್ಲೇ ನನ್ನ ಹೊಟ್ಟೆ ಉರಿಯೋದು. 2018ರಲ್ಲಿ ಆಸ್ಪ್ರೀ ಅಂತ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಮಂದಿ, ಬಹುಪಾಲು ಎಪ್ಪತ್ತು ದಾಟಿದವರು, ಹೃದಯದ ಕಾಯಿಲೆ ಇಲ್ಲದವರು, ನಮ್ಮಪ್ಪನ ಹಾಗೆ. ಅರ್ಧ ಜನಕ್ಕೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಔಷಧವಿಲ್ಲದ ಸುಳ್ಳು ಗುಳಿಗೆ. ಸುಮಾರು ನಾಲ್ಕೂಮುಕ್ಕಾಲು ವರ್ಷ ನೋಡಿದರು. ಹೃದಯಾಘಾತ, ಲಕ್ವಾದಂಥವು ವರ್ಷಕ್ಕೆ ಸಾವಿರ ಮಂದಿಯಲ್ಲಿ ಎರಡೂ ಕಡೆ ಹನ್ನೊಂದರ ಆಸುಪಾಸು. ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಇಲ್ಲ. ಆದರೆ ದೊಡ್ಡ ರಕ್ತಸ್ರಾವ? ಸುಳ್ಳು ಗುಳಿಗೆಯವರಲ್ಲಿ ಸಾವಿರಕ್ಕೆ ಆರು, ಆಸ್ಪಿರಿನ್‌ನವರಲ್ಲಿ ಎಂಟೂವರೆ. ಹೊಟ್ಟೆಯದಷ್ಟೇ ಅಲ್ಲ, ತಲೆಯೊಳಗಿನದೂ ಸೇರಿ. ಸಾವಿರಕ್ಕೆ ಎರಡೂವರೆ ಅಂದರೆ ಸಣ್ಣದು ಅನಿಸುತ್ತೆ ಅಲ್ವಾ? ಆ ಎರಡೂವರೆಯಲ್ಲಿ ಒಬ್ಬರಾಗಿ ನಿಮ್ಮಪ್ಪನೇ ಬಚ್ಚಲಲ್ಲಿ ಬೀಳುವವರೆಗೆ ಮಾತ್ರ. ಅಮೆರಿಕದ ತಜ್ಞರ ಸಮಿತಿ 2022ರಲ್ಲಿ, ಹೃದಯದ ಕಾಯಿಲೆ ಇಲ್ಲದ ಅರವತ್ತು ದಾಟಿದವರು ಮುಂಜಾಗ್ರತೆಗೆ ಅಂತ ಇದನ್ನು ಹೊಸದಾಗಿ ಶುರು ಮಾಡಲೇಬೇಡಿ ಅಂದುಬಿಟ್ಟಿದೆ. ಇನ್ನು ಮೊದಲೇ ಹುಣ್ಣು ಆದವರು, ಎಲ್ಲಾದರೂ ರಕ್ತ ಸೋರಿದವರು, ರಕ್ತ ಕಮ್ಮಿ ಇರುವವರು, ಕಿಡ್ನಿ ತೊಂದರೆ ಇರುವವರು, ನೋವಿನ ಗುಳಿಗೆ ಅಥವಾ ಸ್ಟಿರಾಯ್ಡ್ ನುಂಗುವವರಿಗಂತೂ ಅಪಾಯ ಇನ್ನೂ ಜಾಸ್ತಿ.

ಕಾಕಾನ ಲೆಕ್ಕವೇ ಬೇರೆ. ಅವರ ರಕ್ತನಾಳ ಒಮ್ಮೆ ಕಟ್ಟಿಕೊಂಡಿದೆ, ಒಳಗೆ ಸ್ಟೆಂಟ್ ಇದೆ. ಅವರಿಗೆ ಮತ್ತೆ ಕಟ್ಟಿಕೊಳ್ಳುವ ಭಯ ದೊಡ್ಡದು, ರಕ್ತಸ್ರಾವದ ಭಯ ಅದಕ್ಕಿಂತ ಸಣ್ಣದು. ಇದನ್ನು ಅವರಿಗೆ ಹೇಳುವಷ್ಟರಲ್ಲಿ ಇನ್ನೊಂದು ಅನಾಹುತ! ಅಣ್ಣನ ಪರಿಸ್ಥಿತಿ ನೋಡಿ ಹೆದರಿ, ಕಾಕಾ ತಮ್ಮ ಗುಳಿಗೆಯನ್ನೇ ಬಿಟ್ಟಿದ್ದರು. ನಾಲ್ಕು ದಿನ. ಯಾರಿಗೂ ಹೇಳದೆ! ಸ್ಟೆಂಟ್ ಇದ್ದವರು ಹಾಗೆ ತಾವೇ ಬಿಟ್ಟರೆ ಅದರೊಳಗೇ ರಕ್ತ ಹೆಪ್ಪುಗಟ್ಟಬಹುದು. ನಾನು ಫೋನಲ್ಲಿ ಕೂಗಾಡಿದ್ದು ಪಕ್ಕದ ಓಣಿಗೂ ಕೇಳಿರಬೇಕು. ಅವತ್ತೇ ಅವರ ಹೃದಯದ ಡಾಕ್ಟರ್‌ಗೆ ಮಾತಾಡಿಸಿ ಮತ್ತೆ ಶುರು ಮಾಡಿಸಿದೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ನನ್ನ ಗೋಳು ಓದಿ ನಾಳೆಯಿಂದ ಬಂದ್ ಮಾಡಬೇಡಿ ಮಾರಾಯ್ರೆ, ಯಾಕೆ ಕೊಟ್ಟಿದ್ದು ಅಂತ ಕೊಟ್ಟ ಡಾಕ್ಟರನ್ನು ಕೇಳಿ.

ಅಪ್ಪ ಈಗ ಮೆಟ್ಟಿಲು ಹತ್ತುತ್ತಾರೆ. ಆದರೆ ಮೊನ್ನೆ ಒಗೆಯಲು ಹಾಕಿದ ಅಂಗಿಯ ಜೇಬಲ್ಲಿ ಇನ್ನೊಂದು ಪಟ್ಟಿ ಸಿಕ್ಕಿತು. ಮೊಣಕಾಲು ನೋವಿನದು, ನಾಲ್ಕು ಗುಳಿಗೆ ಖಾಲಿ. "ಯಾರು ಕೊಟ್ಟರು ಇದನ್ನ?" ಅಂದೆ. ಅಪ್ಪ ಪೇಪರ್ ಸ್ವಲ್ಪ ಮೇಲೆತ್ತಿ ಮುಖ ಮುಚ್ಚಿಕೊಂಡರು.