ಅಡಿಕೆ ಸುಲಿತದ ಲೆಕ್ಕವೂ ಅಮೆರಿಕದ ಅರ್ಜಿಯೂ

ಊರಲ್ಲಿ ಇಂಜಿನಿಯರಿಂಗ್ ಸೀಟಿಗೆ ಸಿಇಟಿ ರ‍್ಯಾಂಕ್ ಇದ್ದರೆ ಸಾಕು, ಪ್ರಬಂಧ ಬರೆಯಬೇಕಿಲ್ಲ. ನಾನಿರುವ ಅಟ್ಲಾಂಟಾದಲ್ಲಿ ಹಾಗಲ್ಲ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕಬಹುದಾದ ಕಾಮನ್ ಆ್ಯಪ್ ಎಂಬ ತಾಣದ ಮೂಲಕ ಹೋಗುವವರು ತಮ್ಮ ಬಗ್ಗೆ 650 ಪದದೊಳಗೆ ಬರೆಯಬೇಕು. ಎಐ ಬರೆದುಕೊಟ್ಟದ್ದನ್ನು ತನ್ನದೆಂದು ಕೊಡುವುದನ್ನು ಕಾಮನ್ ಆ್ಯಪ್ 2023ರಿಂದ ವಂಚನೆಯ ಪಟ್ಟಿಗೇ ಸೇರಿಸಿದೆ.

ತೀರ್ಥಹಳ್ಳಿಯಲ್ಲಿರುವ ಅಕ್ಕನ ಮಗಳು ಅರ್ಜಿ ಹಾಕುವಾಗ ಕರಡನ್ನು ನನಗೆ ಕಳಿಸಿದ್ದಳು. ಅದರಲ್ಲಿ 'ಗ್ರಾಮೀಣ ಶ್ರಮ ನನಗೆ ಸಹನೆ ಕಲಿಸಿತು' ಎಂಬರ್ಥದ ಇಂಗ್ಲಿಷ್ ಸಾಲಿತ್ತು. ಇದು ನಿನ್ನ ಮಾತಾ ಎಂದು ಕೇಳಿದೆ. "ಇಲ್ಲ ಮಾವ, ಕನ್ನಡದಲ್ಲಿ ಬರೆದು ಎಐಗೆ ಹಾಕಿದೆ" ಅಂದಳು. ಮೂಲ ತರಿಸಿ ಓದಿದೆ. ಅಡಿಕೆ ಸುಲಿಯುವವರ ಲೆಕ್ಕ ಅವಳೇ ಬರೆಯುತ್ತಿದ್ದಳಂತೆ. ಒಂದು ರಾತ್ರಿ ಕೂಡಿಸುವಾಗ ತಪ್ಪಾಗಿ ಒಬ್ಬಾಕೆಗೆ ಕೂಲಿ ಕಡಿಮೆ ಹೋಯಿತು. ಮರುದಿನ ಆಕೆ ಏನೂ ಹೇಳದೆ ಮೆಟ್ಟುಗತ್ತಿಯ ಮುಂದೆ ಬಂದು ಕೂತಳು. ಅನುವಾದದಲ್ಲಿ ಆ ತಪ್ಪೂ ಇರಲಿಲ್ಲ, ಆ ಹೆಂಗಸೂ ಇರಲಿಲ್ಲ.

ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯ ಕ್ಯಾಲ್ಟೆಕ್‌ನ ನಿಯಮ ಇದನ್ನು ನೇರವಾಗಿ ಮುಟ್ಟುತ್ತದೆ. ವ್ಯಾಕರಣ, ಕಾಗುಣಿತ ನೋಡಿಸಿಕೊಳ್ಳಬಹುದು. ಚೌಕಟ್ಟು ಹಾಕಿಸುವುದು, ಕರಡು ಬರೆಸುವುದು, ಬೇರೆ ಭಾಷೆಯಲ್ಲಿ ಬರೆದದ್ದನ್ನು ಎಐಯಿಂದ ಅನುವಾದ ಮಾಡಿಸುವುದು ಕೂಡದು. ನಮ್ಮೂರಿನ ಜಾರ್ಜಿಯಾ ಟೆಕ್ ಇದಕ್ಕಿಂತ ಸಡಿಲ: ವಿಷಯ ಹುಡುಕಲು, ತಿದ್ದಲು ಬಳಸಿ, ಆದರೆ ನಕಲಿಸಿ ಅಂಟಿಸಬೇಡಿ ಎನ್ನುತ್ತದೆ. ಒಂದೇ ಪ್ರಬಂಧ ನಾಲ್ಕಾರು ಕಡೆ ಹೋಗುವುದರಿಂದ, ಇವುಗಳಲ್ಲಿ ಅತಿ ಬಿಗಿಯಾದ ನಿಯಮಕ್ಕೆ ಒಗ್ಗುವಂತೆ ಬರೆಯುವುದೇ ಸರಿ ಅನ್ನುವವನು ನಾನು. ಅನುವಾದದ ನಿಷೇಧ ಕನ್ನಡದಲ್ಲಿ ಯೋಚಿಸುವ ಮಕ್ಕಳಿಗೆ ಅನ್ಯಾಯ ಎಂದು ಮೊದಲು ಸಿಟ್ಟು ಬಂದಿತ್ತು. ಆ ಎರಡು ಕರಡುಗಳನ್ನು ಅಕ್ಕಪಕ್ಕ ಇಟ್ಟು ಓದಿದ ಮೇಲೆ ಸಿಟ್ಟು ಇಳಿಯಿತು.

ನನಗೆ ಈಗಲೂ ಇರುವ ಚಿಂತೆ ಎಐ ಬರಹ ಹಿಡಿಯುವ ಪತ್ತೆಯಂತ್ರಗಳದ್ದು. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಏಳು ಪತ್ತೆಯಂತ್ರಗಳಿಗೆ ಕೊಟ್ಟರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಅವು ಯಂತ್ರದ ಬರಹ ಎಂದವು. ಮುಂದಿನ ಪದ ಸುಲಭವಾಗಿ ಊಹೆಗೆ ಸಿಕ್ಕರೆ ಅವು ಶಂಕಿಸುತ್ತವೆ. ಕಲಿತ ಇಂಗ್ಲಿಷಿನಲ್ಲಿ ಪದಗಳು ಕಡಿಮೆ, ವಾಕ್ಯಗಳು ಸರಳ.

ಅದಕ್ಕೇ ಅವಳಿಗೆ ಎರಡು ಮಾತು ಹೇಳಿದೆ. ಮೊದಲು ನನಗೆ ಫೋನಿನಲ್ಲಿ ಕನ್ನಡದಲ್ಲೇ ಕಥೆ ಹೇಳು, ಆಮೇಲೆ ಮೂಲ ನೋಡದೆ ನಿನಗೆ ಬರುವಷ್ಟೇ ಇಂಗ್ಲಿಷಿನಲ್ಲಿ ಬರೆ. ಬರೆಯುವುದೆಲ್ಲ ಒಂದೇ ಗೂಗಲ್ ಡಾಕ್‌ನಲ್ಲಿರಲಿ. ಯಾವ ದಿನ ಏನು ಸೇರಿತು, ಏನು ಅಳಿಸಿತು ಎಂಬುದು ಅದರ ಆವೃತ್ತಿ ಇತಿಹಾಸದಲ್ಲಿ ಉಳಿಯುತ್ತದೆ, ನಾಳೆ ಯಾರಾದರೂ ಕೇಳಿದರೆ ತೋರಿಸಬಹುದು.

ಆರನೇ ಕರಡಿಗೆ ಆ ಹೆಂಗಸು ವಾಪಸು ಬಂದಳು. ವ್ಯಾಕರಣದ ತಪ್ಪು ಎರಡಿದ್ದವು. ಅವನ್ನು ಅವಳ ಮೇಡಂ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟರು, ತಿದ್ದಿದ್ದು ಅವಳೇ.